ಬೇವಿಂಜೆ ಇಳಿಜಾರಿನಲ್ಲಿ ಕೆಂಪು ದೀಪ: ಕತೆ ಓದಿ, ಇಂಜಿನ್ ಲೆಕ್ಕ ಸರಿ ಉಂಟೋ ಹೇಳಿ

ಹೊಳೆಬದಿ ಕುಂಬಳೆ

ವಿಶೇಷಾಂಕವೊಂದಕ್ಕೆ ಕಳಿಸಲು ಬರೆದ ಸಣ್ಣ ಕತೆಯ ನಡುವಿನ ಭಾಗ ಇದು. ಭಾಷೆಯನ್ನು ಆಮೇಲೆ ನೋಡಿಕೊಳ್ಳುತ್ತೇನೆ. ಕಾರಿನ ವಿಷಯದಲ್ಲಿ ಎಲ್ಲಿ ಎಡವಿದ್ದರೂ ಗ್ಯಾರೇಜಿನವರು ನಗಬಾರದು, ಅಷ್ಟೇ ನನ್ನ ಚಿಂತೆ.

*ತೊಕ್ಕೊಟ್ಟಿನ ಹಾಲ್‌ನಿಂದ ಹೊರಡುವಾಗ ರಾತ್ರಿ ಹತ್ತೂವರೆ. ಸದಾಶಿವ ಸ್ಟಿಯರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಅವನ ಅಮ್ಮ, ಹಿಂದೆ ವಿಜಯ, ಮಗಳು ಅನನ್ಯ, ಅವರಿಬ್ಬರ ನಡುವೆ ಹೋಳಿಗೆಯ ಕಟ್ಟು. ಮಧ್ಯಾಹ್ನವಷ್ಟೇ ಸರ್ವಿಸ್ ಆದ ಕಾರು. ಕಾಸರಗೋಡು ದಾಟಿ ಚೆರ್ಕಳವೂ ಹಿಂದೆ ಬಿತ್ತು. ಪೊಯಿನಾಚಿಯ ಮನೆಗೆ ಇನ್ನು ಹತ್ತು ಕಿಲೋಮೀಟರ್ ಕೂಡ ಇಲ್ಲ.*

*"ಅಪ್ಪ, ಅದೆಂತ ಕೆಂಪು ಚೆಂಬು?" ಅಂತ ಅನನ್ಯ ಮುಂದೆ ಬಗ್ಗಿದಳು.*

*ಸ್ಪೀಡೋಮೀಟರಿನ ಕೆಳಗೆ ಎಣ್ಣೆ ಗಿಂಡಿಯ ಚಿತ್ರ ಕೆಂಪಗೆ ಉರಿಯುತ್ತಿತ್ತು. "ಆಯಿಲ್ ಕಮ್ಮಿ ಆಗಿರಬೇಕು. ಮನೆ ಬಂತಲ್ಲ, ನಿಧಾನಕ್ಕೆ ಹೋಗುವ" ಎಂದ ಸದಾಶಿವ. ಬೇವಿಂಜೆ ತಿರುವು ಇಳಿದು ಎರಡು ಕಿಲೋಮೀಟರ್ ಹೋದ ಮೇಲೆ ಮನಸ್ಸು ತಡೆಯದೆ ನಿಲ್ಲಿಸಿದ. ಕಡ್ಡಿ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೆರೆಯಲ್ಲಿತ್ತು. ಡಿಕ್ಕಿಯಲ್ಲಿದ್ದ ಅರ್ಧ ಲೀಟರ್ ಸುರಿದ. ದೀಪ ಆರಿತು. ಅಮ್ಮ ದೇವರಿಗೆ ಕೈ ಮುಗಿದರು.*

ಕಾರು 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅಂತ ಇಟ್ಟುಕೊಳ್ಳಿ.

ಕೆಎಲ್14 ಸವಾರ

ಅಕ್ಕಾ, ಕತೆ ಲಾಯ್ಕುಂಟು. ಯಂತ್ರದ ಲೆಕ್ಕವೂ ಸರಿಯೇ. ಕೆಂಪು ದೀಪ ಬಂತು ಅಂದರೆ ಆಯಿಲ್ ಕಮ್ಮಿ, ಹೊಯ್ದರೆ ಆರುತ್ತದೆ. ಒಂದೇ ತಿದ್ದುಪಡಿ: ಬಿಸಿ ಇಂಜಿನ್‌ನಲ್ಲಿ ಆಯಿಲ್ ಮುಚ್ಚಳ ತೆರೆಯಬಾರದು, ಮುಖಕ್ಕೆ ಹಾರುತ್ತದೆ. ಅರ್ಧ ಗಂಟೆ ಕಾದ ಅಂತ ಬರೆಯಿರಿ.

ಉಪ್ಪಳ ಗ್ಯಾರೇಜು

ಹಾರುವುದು ರೇಡಿಯೇಟರಿನ ನೀರು ಮಾರಾಯ್ರೆ, ಅದು ಒತ್ತಡದಲ್ಲಿ ಕುದಿಯುತ್ತಿರುತ್ತದೆ. ಇಂಜಿನ್ ಆಫ್ ಮಾಡಿದ ಮೇಲೆ ಆಯಿಲ್ ಮುಚ್ಚಳ ತೆರೆದರೆ ಎಂತದೂ ಹಾರುವುದಿಲ್ಲ. ಕೈ ಸುಡದ ಹಾಗೆ ಬಟ್ಟೆ ಹಿಡಿದರೆ ಸಾಕು.

ಕತೆಯಲ್ಲಿ ದೊಡ್ಡ ತೊಡಕು ಬೇರೆಯೇ ಉಂಟು. ಆ ಕೆಂಪು ಗಿಂಡಿ ಆಯಿಲ್ ಎಷ್ಟು ಉಂಟು ಅಂತ ನೋಡುವುದೇ ಇಲ್ಲ, ಅದು ನೋಡುವುದು ಒತ್ತಡವನ್ನು. ಬ್ಲಾಕಿಗೆ ಒಂದು ಸಣ್ಣ ಸ್ವಿಚ್ ತಿರುಗಿಸಿ ಕೂರಿಸಿರುತ್ತಾರೆ. ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗೆ ಬಿದ್ದಾಗ ಅದು ದೀಪ ಹೊತ್ತಿಸುತ್ತದೆ. ಬಿಸಿಯಾದ ಇಂಜಿನ್ ಐಡ್ಲಿಂಗ್‌ನಲ್ಲಿ ಒಂದು ಬಾರ್ ಆಸುಪಾಸು, ಹೈವೇ ವೇಗದಲ್ಲಿ ಮೂರು ನಾಲ್ಕು ಬಾರ್ ಇರಬೇಕು. ಹೈವೇಯಲ್ಲಿ ಓಡುತ್ತಿರುವಾಗ ದೀಪ ಉರಿಯಿತು ಅಂದರೆ ನಾಲ್ಕು ಇದ್ದದ್ದು ಹೆಚ್ಚುಕಡಿಮೆ ಸೊನ್ನೆಗೆ ಬಂತು ಅಂತ ಅರ್ಥ. "ಸ್ವಲ್ಪ ಕಮ್ಮಿ ಆಗಿರಬೇಕು" ಅನ್ನುವ ಹಂತ ಯಾವಾಗಲೋ ದಾಟಿ ಹೋಗಿರುತ್ತದೆ.

ಈಗ ನಿಮ್ಮ ಕಡ್ಡಿಯ ಲೆಕ್ಕ. ಇಂಥ ಇಂಜಿನ್‌ಗೆ ಒಟ್ಟು ಸುಮಾರು ಮೂರು ಲೀಟರ್ ಆಯಿಲ್. ಕಡ್ಡಿಯ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಒಂದು ಲೀಟರಿನಷ್ಟು. ಕೆಳಗಿನ ಗೆರೆಯಲ್ಲಿ ಉಂಟು ಅಂದರೆ ಆಯಿಲ್ ಚೇಂಬರಿನಲ್ಲಿ ಇನ್ನೂ ಎರಡು ಲೀಟರ್ ಉಂಟು, ಪಂಪಿನ ಜಾಲರಿ ಮುಳುಗಿಯೇ ಇರುತ್ತದೆ. ಅಷ್ಟಕ್ಕೆ ದೀಪ ಬರಬಾರದು. ಬಂದರೆ ಕಾರಣ ಬೇರೆ, ಆಗ ಅರ್ಧ ಲೀಟರ್ ಹೊಯ್ದದ್ದಕ್ಕೆ ಆರಲೂಬಾರದು. ಕತೆಯಲ್ಲಿ ಅವನು ಕಡ್ಡಿ ಎಳೆದಾಗ ತುದಿಯೂ ಒಣಗಿರಬೇಕು.

ನೀರ್ಚಾಲು ಮಾಷ್ಟ್ರು

ಹಾಗಾದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಮಧ್ಯಾಹ್ನ ಸರ್ವಿಸ್ ಆದ ಕಾರಿನಲ್ಲಿ ರಾತ್ರಿ ಹೊತ್ತಿಗೆ ಎರಡು ಲೀಟರ್ ಎಲ್ಲಿಗೆ ಹೋಯಿತು? ಕತೆಗಾರ್ತಿ ಸರ್ವಿಸಿನ ಮಾತು ತಂದು ಅಲ್ಲೇ ಬಿಟ್ಟಿದ್ದಾರೆ. ನನಗೆ ಕತೆಯ ಬೀಜ ಅಲ್ಲೇ ಇದ್ದ ಹಾಗೆ ಕಾಣುತ್ತದೆ.

ಮಂಜೇಶ್ವರ ಸುಮ

ಸರ್ವಿಸ್ ಆದ ಮೇಲೆ ದೀಪ ಉರಿಯುವುದು ಮಾಮೂಲು. ರೀಸೆಟ್ ಮಾಡಲು ಮರೆತಿರುತ್ತಾರೆ. ಬ್ಯಾಟರಿಯ ಮೈನಸ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದರೆ ಹೋಗುತ್ತದೆ.

ಉಪ್ಪಳ ಗ್ಯಾರೇಜು

ಸುಮಕ್ಕ, ನೀವು ಹೇಳುತ್ತಿರುವುದು ಹಳದಿ ಬಣ್ಣದ ಸ್ಪ್ಯಾನರಿನ ಚಿಹ್ನೆ. ಅದು ಸರ್ವಿಸ್ ದಿನ ನೆನಪಿಸುವ ದೀಪ, ಅದು ಉರಿದರೂ ಊರಿಗೆ ಹೋಗಿ ಬರಬಹುದು. ಕೆಂಪು ಗಿಂಡಿಗೆ ರೀಸೆಟ್ ಎಂಬುದೇ ಇಲ್ಲ. ಕೀ ಒಂದು ಸುತ್ತು ತಿರುಗಿಸಿದಾಗ ಅದು ಉರಿಯಬೇಕು, ಸ್ಟಾರ್ಟ್ ಆಗಿ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಕೀ ತಿರುಗಿಸಿದಾಗ ಉರಿಯದಿದ್ದರೆ ಅದೂ ತಾಪತ್ರಯವೇ. ಸ್ವಿಚ್ಚಿನ ವಯರ್ ಕಳಚಿದ್ದರೆ ಆಯಿಲ್ ಪೂರಾ ಖಾಲಿ ಆದರೂ ದೀಪ ಬರುವುದಿಲ್ಲ.

ಮಾಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ. ಸರ್ವಿಸ್ ಆದ ದಿನವೇ ಆಯಿಲ್ ಖಾಲಿ ಆಗುವುದಕ್ಕೆ ಗ್ಯಾರೇಜಿನವರೆಲ್ಲ ಮೊದಲು ನೋಡುವುದು ಎರಡೇ ಜಾಗ: ಅಡಿಯ ಡ್ರೈನ್ ಬೋಲ್ಟು, ಆಯಿಲ್ ಫಿಲ್ಟರು. ಕತೆಗೆ ಫಿಲ್ಟರ್ ಹೆಚ್ಚು ಹೊಂದುತ್ತದೆ. ತಿರುಗಿಸಿ ಹಾಕುವ ಡಬ್ಬಿ ಫಿಲ್ಟರಿನ ಬಾಯಿಯಲ್ಲಿ ಒಂದು ರಬ್ಬರ್ ರಿಂಗ್ ಇರುತ್ತದೆ. ಹಳೆಯ ಫಿಲ್ಟರ್ ಬಿಚ್ಚುವಾಗ ಆ ರಿಂಗ್ ಬಿಸಿಗೆ ಬ್ಲಾಕಿಗೇ ಅಂಟಿ ಉಳಿಯುವುದುಂಟು. ಕೈಯಾಡಿಸಿ ನೋಡದೆ ಹೊಸ ಫಿಲ್ಟರ್ ಹಾಕಿದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತವೆ. ರ‍್ಯಾಂಪಿನ ಮೇಲೆ ಸ್ಟಾರ್ಟ್ ಮಾಡಿ ನೋಡಿದರೆ ಒಂದು ಹನಿಯೂ ಇಲ್ಲ. ಹೊರಗೆ ಹೋಗಿ ಇಂಜಿನ್ ಮೂರು ಸಾವಿರ ಸುತ್ತಿಗೆ ಏರಿದಾಗ ಒತ್ತಡಕ್ಕೆ ಒಂದು ರಿಂಗ್ ಪಕ್ಕಕ್ಕೆ ಸರಿಯುತ್ತದೆ. ಸಣ್ಣಗೆ ಸರಿದರೆ ಜಿನುಗುತ್ತದೆ. ಪೂರಾ ಹೊರಗೆ ಬಂದರೆ ಪಂಪೇ ಆಯಿಲನ್ನು ರಸ್ತೆಗೆ ಕಾರುತ್ತದೆ, ಆ ವೇಗದಲ್ಲಿ ಅದು ನಿಮಿಷಕ್ಕೆ ಹತ್ತು ಲೀಟರಿಗೂ ಮಿಕ್ಕಿ ತಳ್ಳುವ ಪಂಪು. ಮೂರು ಲೀಟರ್ ಎಷ್ಟು ಹೊತ್ತಿಗೆ?

ತೊಕ್ಕೊಟ್ಟಿನಿಂದ ಚೆರ್ಕಳದವರೆಗೆ ಬಂದಿದ್ದಾನೆ ಅಂದರೆ ಜಿನುಗಿದ್ದು ಅಂತಲೇ ಇಟ್ಟುಕೊಳ್ಳಿ. ಆಗ ನಿಮಗೆ ಇನ್ನೊಂದು ಲಾಭವೂ ಉಂಟು. ಆಯಿಲ್ ಇಳಿದು ಜಾಲರಿ ಅರ್ಧ ತೆರೆದಾಗ ದೀಪ ಒಮ್ಮೆಲೇ ನಿಂತು ಉರಿಯುವುದಿಲ್ಲ. ತಿರುವಿನಲ್ಲಿ, ಬ್ರೇಕಿನಲ್ಲಿ, ಇಳಿಜಾರಿನಲ್ಲಿ ಉಳಿದ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ, ದೀಪ ಮಿಣುಕುತ್ತದೆ. ನೇರ ರಸ್ತೆಗೆ ಬಂದ ಕೂಡಲೇ ಆರುತ್ತದೆ. ಚೆರ್ಕಳದ ನೇರದಲ್ಲಿ ಹೊತ್ತಿಸಿದ ದೀಪವನ್ನು ಬೇವಿಂಜೆ ತಿರುವಿಗೆ ತನ್ನಿ.

ಅಡೂರು ಡೀಸೆಲ್

ನನ್ನ ಡೀಸೆಲ್ ಗಾಡಿಯಲ್ಲಿ ಉಲ್ಟಾ ಉಂಟು. ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಹೆಚ್ಚೇ ನಿಂತಿದೆ, ಆದರೂ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ದೀಪ ಮಿಣಮಿಣ ಅನ್ನುತ್ತದೆ. ಆಕ್ಸಿಲರೇಟರ್ ಒತ್ತಿದರೆ ಹೋಗುತ್ತದೆ. ಹೆಚ್ಚು ಇದ್ದರೆ ಒಳ್ಳೆಯದೇ ಅಲ್ವಾ, ಸೆನ್ಸರ್ ಹಾಳಾಗಿರಬೇಕು ಅಂದರು ಇಲ್ಲಿ ಒಬ್ಬರು.

ಉಪ್ಪಳ ಗ್ಯಾರೇಜು

ಹಾಕದೆ ಆಯಿಲ್ ಏರಿದ್ದರೆ ಅದಕ್ಕೆ ಡೀಸೆಲ್ ಸೇರಿದೆ ಅಂತ ಅನುಮಾನ ಪಡಿ. ಸಣ್ಣ ಸಣ್ಣ ಓಡಾಟದ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಆ ಮಸಿಯನ್ನು ಸುಟ್ಟು ಶುಚಿ ಮಾಡಿಕೊಳ್ಳಲು ಹೊರಡುತ್ತದೆ, ಅರ್ಧದಲ್ಲಿ ನೀವು ಆಫ್ ಮಾಡುತ್ತೀರಿ, ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಚೇಂಬರಿಗೆ ಬರುತ್ತದೆ. ಆಯಿಲ್ ನೀರಾಗುತ್ತದೆ. ನೀರಾದ ಆಯಿಲ್ ಬಿಸಿಯಲ್ಲಿ, ಐಡ್ಲಿಂಗ್‌ನಲ್ಲಿ ಒತ್ತಡ ಹಿಡಿಯುವುದಿಲ್ಲ. ಕಡ್ಡಿಯ ತುದಿಯನ್ನು ಮೂಸಿ ನೋಡಿ, ಎರಡು ಬೆರಳಿನ ನಡುವೆ ಉಜ್ಜಿ ನೋಡಿ. ಬೇರಿಂಗ್ ಸವೆದರೂ ಹೀಗೆಯೇ ಐಡ್ಲಿಂಗ್‌ನಲ್ಲಿ ಮಿಣುಕುವುದುಂಟು, ಆದ್ದರಿಂದ ಆಯಿಲ್ ಬದಲಿಸಿ ಒತ್ತಡ ಅಳೆಯುವ ಗೇಜ್ ಕೂರಿಸಿ ನೋಡದೆ ಸೆನ್ಸರಿನ ತಲೆಗೆ ಕಟ್ಟಬೇಡಿ. ಬೇರೆ ಎಳೆ ಶುರು ಮಾಡಿ, ಅಲ್ಲಿ ಮಾತಾಡುವ.

ಕೆಎಲ್14 ಸವಾರ

ಆದರೂ ಸ್ವಿಚ್ಚೇ ಹಾಳಾಗುವುದು ಹೆಚ್ಚು ಅಂತ ಎಲ್ಲರೂ ಹೇಳುತ್ತಾರೆ. ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಸದಾಶಿವ ನಿಧಾನಕ್ಕೆ ಮನೆ ಸೇರಿ ಬೆಳಿಗ್ಗೆ ತೋರಿಸಿದರೆ ಎಂತ ಆಗುತ್ತಿತ್ತು?

ಉಪ್ಪಳ ಗ್ಯಾರೇಜು

ಸ್ವಿಚ್ ಹಾಳಾಗುವುದು ನಿಜ, ಅದರ ಬುಡದಲ್ಲಿ ಆಯಿಲ್ ಜಿನುಗುವುದೂ ನಿಜ. ಆದರೆ ಗೇಜ್ ಕೂರಿಸದೆ ರಸ್ತೆ ಬದಿಯಲ್ಲಿ ಅದನ್ನು ಯಾರೂ ಹೇಳಲಾರರು. ಫಿಲ್ಟರ್ ಕಟ್ಟಿಕೊಂಡರೆ ದೀಪ ಬರುವುದು ಅಪರೂಪ. ಅದರೊಳಗೆ ಬೈಪಾಸ್ ವಾಲ್ವ್ ಉಂಟು, ಕಾಗದ ಕಟ್ಟಿದಾಗ ಸೋಸದ ಆಯಿಲನ್ನೇ ಒಳಗೆ ಬಿಡುತ್ತದೆ. ಕೊಳೆ ಆಯಿಲ್ ಇರಲಿ, ಒಣಗುವುದು ಬೇಡ ಅಂತ ಹಾಗೆ ಮಾಡಿಟ್ಟಿದ್ದಾರೆ.

"ನಿಧಾನಕ್ಕೆ ಹೋದರೆ" ಎಂಬ ಮಾತಿಗೆ ಉತ್ತರ. ಕ್ರ್ಯಾಂಕ್ ಶಾಫ್ಟ್ ಬೇರಿಂಗ್ ಶೆಲ್‌ಗೆ ತಾಗಿ ತಿರುಗುವುದಲ್ಲ, ಆಯಿಲ್ ಪದರದ ಮೇಲೆ ತೇಲುವುದು. ನಡುವಿನ ಸಂದು ತಲೆಗೂದಲಿಗಿಂತ ತೆಳು. ಒತ್ತಡ ಹೋದರೆ ಆ ಪದರ ಹೋಯಿತು, ಲೋಹಕ್ಕೆ ಲೋಹ. ಹೈವೇ ಲೋಡಿನಲ್ಲಿ ಗೀರು ಬೀಳಲು ಒಂದು ನಿಮಿಷವೂ ಬೇಡ. ಮೊದಲು ಮೇಲಿನಿಂದ ಟಿಕ್ ಟಿಕ್ ಅಂತ ಕೇಳುತ್ತದೆ, ಅದು ವಾಲ್ವ್ ಕಡೆಯದು, ಆಗ ನಿಲ್ಲಿಸಿದರೆ ಇಂಜಿನ್ ಉಳಿಯಲೂಬಹುದು. ಆಮೇಲೆ ಅಡಿಯಿಂದ ಢಣ್ ಢಣ್ ಅಂತ ಭಾರವಾದ ಸದ್ದು ಬಂದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಯಿತು, ಮತ್ತೆ ಇಂಜಿನ್ ಬಿಚ್ಚದೆ ದಾರಿಯಿಲ್ಲ. ಎರಡು ಕಿಲೋಮೀಟರ್ ಓಡಿಸಿ, ಆಯಿಲ್ ಹೊಯ್ದು, ಕೈ ಮುಗಿದು ಮನೆ ಸೇರಿದ ಅಂತ ಬರೆದರೆ ಓದಿದವರು ಹಾಗೆಯೇ ಮಾಡಿಯಾರು.

ಹೊಳೆಬದಿ ಕುಂಬಳೆ

ಹಾಗಾದರೆ ಬೇವಿಂಜೆಯಲ್ಲಿ ಮೊದಲ ಮಿಣುಕಿಗೇ ಅವನು ಎಂತ ಮಾಡಬೇಕು? ಕ್ರಮವಾಗಿ ಹೇಳಿ. ಕಾರಿನಲ್ಲಿ ಮುದುಕಿಯೂ ಮಗುವೂ ಉಂಟು, ಹಿಂದೆ ಲಾರಿ ಬರುತ್ತಿದೆ.

ಉಪ್ಪಳ ಗ್ಯಾರೇಜು

ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಎಡಕ್ಕೆ ಇಂಡಿಕೇಟರ್ ಹಾಕುವುದು, ಕನ್ನಡಿ ನೋಡಿ ಲಾರಿಗೆ ದಾರಿ ಬಿಡುವುದು. ಕ್ಲಚ್ ಒತ್ತಿ ನ್ಯೂಟ್ರಲ್. ಓಟದ ವೇಗದಲ್ಲೇ ಎಡಬದಿಗೆ ತಂದು ಪೂರಾ ನಿಲ್ಲಿಸಿ, ನಿಂತ ಕ್ಷಣವೇ ಕೀ ಆಫ್. ಆಮೇಲೆ ಹಜಾರ್ಡ್ ದೀಪ. ಐಡ್ಲಿಂಗ್‌ನಲ್ಲಿ ಬಿಟ್ಟು ಕೆಳಗಿಳಿದು ನೋಡುವ ಅಭ್ಯಾಸ ಹಲವರಿಗುಂಟು, ಒಣ ಬೇರಿಂಗಿಗೆ ಐಡ್ಲಿಂಗೂ ಪೆಟ್ಟೇ.

ಬಾನೆಟ್ ಎತ್ತುವ ಮೊದಲು ಜನ. ಎಲ್ಲರೂ ಎಡಬದಿಯ ಬಾಗಿಲಿನಿಂದ ಇಳಿದು ಬೇಲಿಯ ಆಚೆ, ಕಾರಿಗಿಂತ ಹಿಂದಕ್ಕೆ ನಿಲ್ಲಲಿ. ಕಾರಿನ ಮುಂದೆ ನಿಂತರೆ, ಹಿಂದಿನಿಂದ ಗುದ್ದಿದಾಗ ಕಾರು ಅವರ ಮೇಲೆಯೇ ಬರುತ್ತದೆ. ತ್ರಿಕೋನವನ್ನು ಐವತ್ತು ಮೀಟರ್ ಹಿಂದೆ ಇಡಬೇಕು. ತಿರುವಾದ್ದರಿಂದ ತಿರುವಿನ ಆಚೆ ಬದಿಯಲ್ಲಿ, ಬರುವವರಿಗೆ ತಿರುಗುವ ಮೊದಲೇ ಕಾಣುವ ಹಾಗೆ.

ಐದು ನಿಮಿಷ ಕಳೆದ ಮೇಲೆ ಕಡ್ಡಿ. ಒಮ್ಮೆ ಎಳೆದು ಒರೆಸಿ, ಪೂರಾ ಒಳಗೆ ಹಾಕಿ, ಮತ್ತೆ ಎಳೆದದ್ದೇ ಲೆಕ್ಕ. ಬೇವಿಂಜೆ ಇಳಿಜಾರು, ಅಲ್ಲಿ ಗೆರೆ ನಿಖರ ಬರುವುದಿಲ್ಲ, ಆದರೆ "ಉಂಟೋ ಇಲ್ಲವೋ" ಅಷ್ಟು ತಿಳಿಯುತ್ತದೆ.

ಕಡ್ಡಿಯಲ್ಲಿ ಆಯಿಲ್ ಸರಿಯಾಗಿ ಉಂಟು, ಆದರೂ ದೀಪ ಬಂದಿತ್ತು ಅಂದರೆ ಪಂಪು, ಜಾಲರಿ, ಬೇರಿಂಗ್ ಇಲ್ಲವೇ ಸ್ವಿಚ್. ರಸ್ತೆಯಲ್ಲಿ ಮಾಡುವಂಥದ್ದು ಯಾವುದೂ ಇಲ್ಲ, ಮತ್ತೆ ಸ್ಟಾರ್ಟ್ ಮಾಡದೆ ರಿಕವರಿ ವ್ಯಾನ್ ಕರೆಯುವುದು. ಕಡ್ಡಿ ಒಣಗಿದ್ದರೆ, ಹೊಯ್ಯುವ ಮೊದಲು ಮೊಬೈಲ್ ಟಾರ್ಚ್ ಹಿಡಿದು ಅಡಿ ನೋಡಬೇಕು. ಫಿಲ್ಟರಿನ ಕೆಳಗೆ ಹೊಳೆಯುವ ಒದ್ದೆ, ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ, ಹಿಂದಿನ ಬಂಪರಿನವರೆಗೂ ಹಾರಿದ ಸಣ್ಣ ಹನಿ. ಇಷ್ಟು ಕಂಡರೆ ಹೊಯ್ದ ಆಯಿಲ್ ಕೂಡ ಅದೇ ದಾರಿ ಹಿಡಿಯುತ್ತದೆ. ಸೋರಿಕೆ ಎಲ್ಲೂ ಇಲ್ಲ, ಹಳೆ ಇಂಜಿನ್ ತಿಂಗಳುಗಟ್ಟಲೆ ಕುಡಿದು ಖಾಲಿ ಮಾಡಿದ್ದು ಅಂತಾದರೆ ಮಾತ್ರ ಹೊಯ್ದು ಹೋಗುವ ಮಾತು. ಆಗಲೂ ಕೆಳಗಿನ ಗೆರೆ ದಾಟುವಷ್ಟು ಹಾಕಿ ಸ್ಟಾರ್ಟ್ ಮಾಡಿ, ಐದು ಸೆಕೆಂಡಿನೊಳಗೆ ದೀಪ ಆರದಿದ್ದರೆ ಆಫ್.

ನೀರ್ಚಾಲು ಮಾಷ್ಟ್ರು

ಆ ಹೊತ್ತಿಗೆ ಸರಿಯಾದ ಗ್ರೇಡಿನ ಆಯಿಲ್ ಎಲ್ಲಿ ಸಿಗುತ್ತದೆ? ಬಂಕಿನಲ್ಲಿ ಇರುವುದು ಹೆಚ್ಚಾಗಿ ಬೈಕಿನ 20ಡಬ್ಲ್ಯು-40.

ಉಪ್ಪಳ ಗ್ಯಾರೇಜು

ಗ್ಯಾರೇಜು ಮುಟ್ಟುವಷ್ಟಕ್ಕೆ ಅದು ನಡೆಯುತ್ತದೆ. 5ಡಬ್ಲ್ಯು-30ರ ಜೊತೆ ಬೆರೆತರೂ ಹಾಲು ಒಡೆದ ಹಾಗೆ ಆಗುವುದಿಲ್ಲ. ಮರುದಿನ ಪೂರಾ ಇಳಿಸಿ ಹೊಸದು ಹಾಕಿದರಾಯಿತು. ಹಾಕಬಾರದ್ದು ಗೇರ್ ಆಯಿಲ್, ಬ್ರೇಕ್ ಆಯಿಲ್, ಸ್ಕೂಟರಿನ ಟೂಟಿ ಆಯಿಲ್.

ಕೆಎಲ್14 ಸವಾರ

ಬೇವಿಂಜೆಯಲ್ಲಿ ಕೆಲಸ ನಡೆಯುವ ಕಡೆ ಎರಡು ಬದಿಗೂ ಕಾಂಕ್ರೀಟ್ ತಡೆ ಇಟ್ಟರೆ ನಿಲ್ಲಿಸುವುದು ಎಲ್ಲಿಗೆ? ಅಲ್ಲಿಂದ ತೆಕ್ಕಿಲ್ ಸೇತುವೆವರೆಗೆ ಇಳಿಜಾರೇ. ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಅಗಲ ಜಾಗ ಸಿಗುವವರೆಗೆ ತಾನಾಗಿ ಉರುಳುತ್ತದೆ. ಬೇರಿಂಗಿಗೂ ಪೆಟ್ಟಿಲ್ಲ.

ಉಪ್ಪಳ ಗ್ಯಾರೇಜು

ಬೇರಿಂಗಿಗೆ ಪೆಟ್ಟಿಲ್ಲ, ಜನಕ್ಕೆ ಉಂಟು. ಇಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರಿನಲ್ಲಿ ಎರಡು ಮೂರು ಒತ್ತಿಗೆ ಸಾಲುವಷ್ಟೇ ನಿರ್ವಾತ ಉಳಿಯುತ್ತದೆ. ಆಮೇಲೆ ಪೆಡಲ್ ಕಲ್ಲು. ಸ್ಟಿಯರಿಂಗ್ ಭಾರವಾಗುತ್ತದೆ. ಗಾಬರಿಯಲ್ಲಿ ಕೀ ಪೂರಾ ಹಿಂದೆ ತಿರುಗಿಸಿ ಎಳೆದರೆ ಸ್ಟಿಯರಿಂಗ್ ಲಾಕ್. ರಾತ್ರಿ ಇಳಿಜಾರಿನಲ್ಲಿ ಮೂರು ಜನರನ್ನು ಕೂರಿಸಿಕೊಂಡು ಇದನ್ನು ಮಾಡಬೇಡಿ. ಜಾಗ ಇಲ್ಲದಿದ್ದರೆ ಇಂಜಿನ್ ಐಡ್ಲಿಂಗ್‌ನಲ್ಲೇ ಇರಲಿ, ಇಂಜಿನ್ ಹೋದರೆ ಹೋಗಲಿ.

ನೀರ್ಚಾಲು ಮಾಷ್ಟ್ರು

ಇಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜಾಮ್ ಆಗುವ ಇಂಜಿನ್ ಇಳಿಜಾರಿನ ನಡುವೆ ತಾನಾಗಿ ನಿಂತರೆ ಬ್ರೇಕಿನ ಗತಿ ಅದೇ ಆಗುತ್ತದಲ್ಲ, ಅದೂ ಹೇಳದೆ ಕೇಳದೆ. ಗೊತ್ತಿದ್ದೇ ಆಫ್ ಮಾಡಿ, ವೇಗ ಮೊದಲೇ ಇಪ್ಪತ್ತಕ್ಕೆ ಇಳಿಸಿಕೊಂಡು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಹಿಡಿತದಲ್ಲಿ ಹಿಡಿದರೆ ಹೇಗೆ?

ಉಪ್ಪಳ ಗ್ಯಾರೇಜು

ಕಾಗದದ ಮೇಲೆ ಸರಿ ಮಾಷ್ಟ್ರೇ. ಸೇತುವೆಯ ದಾರಿಯಲ್ಲಿ ಹಿಂದೆ ಲಾರಿಯ ಹಾರ್ನ್ ಕೇಳುವಾಗ ಎಷ್ಟು ಜನ ಹಾಗೆ ಹಿಡಿಯುತ್ತಾರೆ ಅಂತ ನನಗೆ ಸಂಶಯ. ಲೇನಿನಲ್ಲೇ ನಿಲ್ಲಿಸಿ ಹಜಾರ್ಡ್ ಹಾಕಿ ಜನರನ್ನು ಇಳಿಸಿ, 1033ಕ್ಕೆ ಹೇಳುವವರೂ ಇದ್ದಾರೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ಅದು.

ಹೊಳೆಬದಿ ಕುಂಬಳೆ

ಅದನ್ನು ಕತೆಯಲ್ಲಿ ತರುವುದಿಲ್ಲ, ಅವನಿಗೆ ಎಡಬದಿಯಲ್ಲಿ ಜಾಗ ಕೊಟ್ಟಿದ್ದೇನೆ. ಹೊಸ ರೂಪ:

*ಬೇವಿಂಜೆಯ ಮೊದಲ ತಿರುವಿನಲ್ಲಿ ದೀಪ ಒಮ್ಮೆ ಮಿಣುಕಿ ಆರಿತು. ಸದಾಶಿವ ನೋಡಿದ, ಕಂಡದ್ದು ಹೌದೋ ಅಂತ ಅನುಮಾನ ಬಂತು. ಎರಡನೆಯ ತಿರುವಿನಲ್ಲಿ ಮತ್ತೆ ಬಂತು, ಈ ಸಲ ಅನನ್ಯಳೂ ನೋಡಿದಳು. "ಅಪ್ಪ, ಕೆಂಪು ಚೆಂಬು!"*

*ಅವನು ಕಾಲು ತೆಗೆದ. ಲಾರಿ ಹಾರ್ನ್ ಹೊಡೆದು ಬಲಕ್ಕೆ ದಾಟಿತು. ಮಣ್ಣಿನ ಬದಿಗೆ ಕಾರು ತಂದು ನಿಲ್ಲಿಸಿ ಕೀ ತಿರುಗಿಸಿದಾಗ ಒಳಗೆಲ್ಲ ಕಮಟು ವಾಸನೆ ತುಂಬಿತ್ತು.*

*"ಎಂತಕ್ಕೆ ನಿಲ್ಲಿಸಿದ್ದು? ಮನೆ ಬಂತಲ್ಲ ಮಗಾ" ಎಂದರು ಅಮ್ಮ.*

*"ಇಳಿಯಮ್ಮ. ಈ ಬದಿಯಿಂದ. ವಿಜಯಾ, ಅವಳ ಕೈ ಹಿಡಿದುಕೊ, ಬೇಲಿ ದಾಟಿ ಹಿಂದೆ ಹೋಗಿ."*

*ಕಡ್ಡಿ ಒರೆಸಿ ಹಾಕಿ ಎಳೆದ. ತುದಿಯಲ್ಲಿ ಏನೂ ಇರಲಿಲ್ಲ. ಆಮಂತ್ರಣ ಪತ್ರಿಕೆಯನ್ನು ಬಿಡಿಸಿ ಇಂಜಿನ್ ಅಡಿಗೆ ತಳ್ಳಿ ಟಾರ್ಚ್ ಹಿಡಿದ. ವಧೂವರರ ಹೆಸರಿನ ಮೇಲೆ ಒಂದು ಹನಿ, ಇನ್ನೊಂದು ಹನಿ. ಡಿಕ್ಕಿಯಲ್ಲಿದ್ದ ಅರ್ಧ ಲೀಟರ್ ಡಬ್ಬಿಯನ್ನು ಅವನು ಕೈಯಲ್ಲಿ ಹಿಡಿದು ಮತ್ತೆ ಒಳಗಿಟ್ಟ.*

*"ರಿಕ್ಷಾ ಸಿಗುತ್ತದೋ ನೋಡು. ನೀವು ಮೂವರು ಹೋಗಿ. ನಾನು ವ್ಯಾನ್ ಬರುವವರೆಗೆ ಇರ್ತೇನೆ."*

ಮರುದಿನ ಗ್ಯಾರೇಜಿನಲ್ಲಿ ಎಂತ ಆಗುತ್ತದೆ? ಇಂಜಿನ್ ಉಳಿಯಿತೋ ಇಲ್ಲವೋ ಅಂತ ಅವನಿಗೆ ಹೇಗೆ ಗೊತ್ತಾಗುತ್ತದೆ?

ಉಪ್ಪಳ ಗ್ಯಾರೇಜು

ಈಗ ಕತೆ ಕೂತಿತು. ಕಾರ್ಡಿನ ಉಪಾಯ ನಿಜಕ್ಕೂ ಒಳ್ಳೆಯದು, ಹನಿ ಬೀಳುವ ಜಾಗ ನೋಡಿದರೆ ಡ್ರೈನ್ ಬೋಲ್ಟೋ ಫಿಲ್ಟರೋ ಅಂತ ಅಂದಾಜು ಸಿಗುತ್ತದೆ.

ಗ್ಯಾರೇಜಿನಲ್ಲಿ ಫಿಲ್ಟರ್ ಬಿಚ್ಚಿದಾಗ ಎರಡು ರಿಂಗ್ ಸಿಗುತ್ತವೆ, ಒಂದು ಚಪ್ಪಟೆಯಾಗಿ ಅರ್ಧ ಹೊರಗೆ ಬಂದಿರುತ್ತದೆ. ಆ ಎರಡನ್ನೂ ಫೋಟೋ ತೆಗೆದಿಟ್ಟುಕೊಂಡರೆ ಸರ್ವಿಸ್ ಮಾಡಿದವರ ಹತ್ತಿರ ಮಾತಾಡಲು ಸದಾಶಿವನಿಗೆ ಆಧಾರವಾಗುತ್ತದೆ. ಆಮೇಲೆ ಆ ಫಿಲ್ಟರ್ ಡಬ್ಬಿಯನ್ನು ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿಯುವುದು. ಮಡಿಕೆಯ ಸಂದಿನಲ್ಲಿ ಬೆಳ್ಳಿ ಪುಡಿಯಂಥ ಹೊಳಪು, ತೆಳು ಚೂರು ಕಂಡರೆ ಬೇರಿಂಗ್ ಶೆಲ್ ಸವೆದಿದೆ. ಅಯಸ್ಕಾಂತ ಹಿಡಿದು ಏನೂ ಅಂಟಲಿಲ್ಲ ಅಂತ ಸಮಾಧಾನ ಪಡುವವರಿದ್ದಾರೆ, ಶೆಲ್ಲಿನ ಮೇಲ್ಪದರ ಅಯಸ್ಕಾಂತಕ್ಕೆ ಅಂಟುವ ಲೋಹವೇ ಅಲ್ಲ. ಕಾಗದ ಶುಚಿ ಇದ್ದರೆ ಬ್ಲಾಕಿನ ಮುಖ ಒರೆಸಿ, ಹೊಸ ಫಿಲ್ಟರಿನ ರಿಂಗಿಗೆ ಆಯಿಲ್ ಸವರಿ ಕೈಯಲ್ಲೇ ಬಿಗಿದು, ಆಯಿಲ್ ತುಂಬಿಸಿ, ಸ್ವಿಚ್ಚಿನ ಜಾಗಕ್ಕೆ ಗೇಜ್ ಕೂರಿಸಿ ಸ್ಟಾರ್ಟ್ ಮಾಡುತ್ತಾರೆ. ಬಿಸಿಯಾದ ಮೇಲೂ ಒತ್ತಡ ನಿಂತರೆ ಬದುಕಿತು.

ಮಂಜೇಶ್ವರ ಸುಮ

ರಿಕವರಿ ವ್ಯಾನ್ ಯಾಕೆ ಬೇಕು, ಹಗ್ಗ ಕಟ್ಟಿ ಎಳೆಯಬಾರದೋ? ಪೊಯಿನಾಚಿ ಹತ್ತಿರವೇ ಅಲ್ವಾ.

ಉಪ್ಪಳ ಗ್ಯಾರೇಜು

ಮ್ಯಾನ್ಯುವಲ್ ಗೇರಿನ ಕಾರಾದರೆ ನ್ಯೂಟ್ರಲ್‌ನಲ್ಲಿ ಹಾಕಿ ಎಳೆಯಬಹುದು, ಇಂಜಿನ್ ತಿರುಗುವುದಿಲ್ಲ. ಆಟೋಮ್ಯಾಟಿಕ್ ಆದರೆ ಬೇಡ, ಮುಂದಿನ ಚಕ್ರ ಎತ್ತಿಯೇ ಒಯ್ಯಬೇಕು. ಆದರೆ ಸೇತುವೆ ದಾಟಿ ಚಟ್ಟಂಚಾಲ್ ಏರು ಸಿಗುತ್ತದೆ, ಅದಕ್ಕಿಂತ ಮೊದಲು ಇಳಿಜಾರಿನಲ್ಲಿ ಬೂಸ್ಟರ್ ಇಲ್ಲದ ಬ್ರೇಕ್ ಹಿಡಿದು, ಎಳೆಯುವ ಜೀಪಿನ ಹಿಂಬದಿಗೆ ತಾಗದ ಹಾಗೆ ನಿಲ್ಲಿಸಬೇಕು. ರಾತ್ರಿಗೆ ಹೇಳಿಸಿದ ಕೆಲಸ ಅಲ್ಲ ಅಕ್ಕ.

ಅಡೂರು ಡೀಸೆಲ್

ಕಡ್ಡಿ ಮೂಸಿದೆ. ಡೀಸೆಲ್ ವಾಸನೆಯೇ. ಬೇರೆ ಎಳೆ ಹಾಕಿದ್ದೇನೆ, ಗ್ಯಾರೇಜಣ್ಣ ಅಲ್ಲಿಗೆ ಬನ್ನಿ.